ಪ್ರಶ್ನೆಗೆ ಪಳಗಿದ ಮನೆಗಳು

ಅಮೆರಿಕದ ನಿರುದ್ಯೋಗ ದರ ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಆ ಒಂದು ಅಂಕಿಯಿಂದ ಷೇರುಪೇಟೆ ಏರಿಳಿಯುತ್ತದೆ, ಬಡ್ಡಿದರದ ಮೇಲೆ ಚರ್ಚೆ ಎದ್ದುಬಿಡುತ್ತದೆ. ಅದರ ಹಿಂದಿರುವುದು ಸಿಪಿಎಸ್ ಎಂದು ಕರೆಯುವ ಒಂದು ಸಮೀಕ್ಷೆ. ಅಲ್ಲಿನ ಜನಗಣತಿ ಸಂಸ್ಥೆಯವರು ತಿಂಗಳಿಗೆ ಸುಮಾರು 60,000 ಮನೆಗಳನ್ನು ಸಂಪರ್ಕಿಸಿ, ಮನೆಯಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಹುಡುಕುತ್ತಿದ್ದಾರೆ, ಯಾರು ಎರಡೂ ಅಲ್ಲ ಎಂದು ಕೇಳಿ ಬರೆದುಕೊಳ್ಳುತ್ತಾರೆ.

ಈ 60,000 ಮನೆಗಳು ಪ್ರತಿ ತಿಂಗಳೂ ಹೊಸವಲ್ಲ. ಒಮ್ಮೆ ಆಯ್ಕೆಯಾದ ಮನೆ ಸತತ ನಾಲ್ಕು ತಿಂಗಳು ಉತ್ತರಿಸುತ್ತದೆ, ಆಮೇಲೆ ಎಂಟು ತಿಂಗಳು ಬಿಡುವು, ಮತ್ತೆ ನಾಲ್ಕು ತಿಂಗಳು ಉತ್ತರ. ಅಲ್ಲಿಗೆ ಅದರ ಪಾಳಿ ಮುಗಿಯಿತು. ಹಾಗಾಗಿ ಯಾವುದೇ ತಿಂಗಳನ್ನು ತೆಗೆದುಕೊಂಡರೂ ಅದರಲ್ಲಿ ಎಂಟು ಗುಂಪುಗಳಿರುತ್ತವೆ. ಒಂದು ಗುಂಪು ಮೊದಲ ಸಲ ಪ್ರಶ್ನೆ ಕೇಳಿಸಿಕೊಳ್ಳುತ್ತಿರುತ್ತದೆ, ಇನ್ನೊಂದು ಎರಡನೇ ಸಲ, ಹೀಗೆ ಎಂಟನೇ ಸಲದವರೆಗೆ. ಅವೇ ಮನೆಗಳನ್ನು ಮತ್ತೆ ಮತ್ತೆ ಕೇಳುವುದಕ್ಕೆ ಗಟ್ಟಿ ಕಾರಣವಿದೆ. ಕಳೆದ ತಿಂಗಳ ಮನೆಗಳೇ ಬೇರೆ, ಈ ತಿಂಗಳ ಮನೆಗಳೇ ಬೇರೆ ಆದರೆ, ಅಂಕಿ ಬದಲಾದಾಗ ಬದಲಾದದ್ದು ಊರೋ ಅಥವಾ ನಾವು ಆರಿಸಿದ ಮನೆಗಳೋ ಎಂದು ತಿಳಿಯುವುದು ಕಷ್ಟ. ಮುಕ್ಕಾಲು ಪಾಲು ಮನೆಗಳು ಎರಡೂ ತಿಂಗಳಲ್ಲಿ ಇದ್ದರೆ ಆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಎಂಟೂ ಗುಂಪುಗಳನ್ನು ಒಂದೇ ಬಗೆಯಲ್ಲಿ, ಚೀಟಿ ಎತ್ತಿದಂತೆ ಆರಿಸಿರುತ್ತಾರೆ. ಅದೇ ದೇಶ, ಅದೇ ತಿಂಗಳು, ಅದೇ ಪ್ರಶ್ನೆ. ಆದ್ದರಿಂದ ಎಂಟರಲ್ಲೂ ನಿರುದ್ಯೋಗ ದರ ಹೆಚ್ಚುಕಡಿಮೆ ಒಂದೇ ಬರಬೇಕು. ಆದರೆ ಬರುವುದಿಲ್ಲ. 2014ರ ಮೊದಲ ಆರು ತಿಂಗಳ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಗುಂಪುವಾರು ಬಿಡಿಸಿ ನೋಡಿದರು. ಮೊದಲ ಸಲ ಉತ್ತರಿಸುವವರಲ್ಲಿ ನಿರುದ್ಯೋಗ ಶೇ. 7.5, ಎಂಟನೇ ಸಲ ಉತ್ತರಿಸುವವರಲ್ಲಿ ಶೇ. 6.1. ಎಲ್ಲ ಗುಂಪುಗಳನ್ನೂ ಸೇರಿಸಿ ಪ್ರಕಟವಾದ ದರ ಆರೂವರೆಯ ಆಸುಪಾಸಿನಲ್ಲಿತ್ತು. ಇದು ಒಂದು ವರ್ಷದ ಆಕಸ್ಮಿಕವಲ್ಲ. ಸಂಖ್ಯಾಶಾಸ್ತ್ರಜ್ಞೆ ಬಾರ್ಬರಾ ಬೈಲಾರ್ 1975ರಲ್ಲೇ ಇದೇ ಸಮೀಕ್ಷೆಯ ಈ ಓರೆಯ ಬಗ್ಗೆ ವಿವರವಾಗಿ ಬರೆದಿದ್ದರು.

ಇದಕ್ಕೆ ಒಂದು ಮುಖ್ಯ ಕಾರಣವನ್ನು ಸಂಶೋಧಕರು ಪ್ಯಾನೆಲ್ ಕಂಡೀಷನಿಂಗ್ ಎನ್ನುತ್ತಾರೆ. ಒಂದೇ ಜನರನ್ನು ಪದೇ ಪದೇ ಕೇಳಿದಾಗ, ಕೇಳುವಿಕೆಯೇ ಅವರ ಉತ್ತರವನ್ನು ಬದಲಿಸುವುದು. ಬೇಸರದಿಂದ ಏನೋ ಒಂದು ಹೇಳಿ ಕೈತೊಳೆದುಕೊಳ್ಳುತ್ತಾರೆ ಎಂದು ಮೊದಲಿಗೆ ಅನಿಸುತ್ತದೆ. ಅದೂ ಇದೆ. ಆದರೆ ಸಂಗತಿ ಅಷ್ಟು ಸರಳವಲ್ಲ.

ಕೆಲಸವಿಲ್ಲದ ಒಬ್ಬ ಮಹಿಳೆಗೆ ಮೊದಲ ತಿಂಗಳು ಕರೆ ಬಂದಿದೆ ಎಂದುಕೊಳ್ಳಿ. ‘ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಲು ಏನಾದರೂ ಮಾಡಿದಿರಾ?’ ಆಕೆ ‘ಹೌದು’ ಎನ್ನುತ್ತಾರೆ. ಕೂಡಲೇ ಹಿಂದೆಯೇ ಪ್ರಶ್ನೆಗಳ ಸಾಲು: ಏನೇನು ಮಾಡಿದಿರಿ, ಎಷ್ಟು ವಾರದಿಂದ ಹುಡುಕುತ್ತಿದ್ದೀರಿ, ಕಳೆದ ವಾರವೇ ಕೆಲಸ ಸಿಕ್ಕಿದ್ದರೆ ಸೇರಬಹುದಿತ್ತೇ. ‘ಇಲ್ಲ’ ಎಂದಿದ್ದರೆ ಇದರಲ್ಲಿ ಬಹುಪಾಲು ಇರುತ್ತಿರಲಿಲ್ಲ. ಮುಂದಿನ ತಿಂಗಳ ಹೊತ್ತಿಗೆ ಆಕೆಗೆ ಇದು ಗೊತ್ತು. ಸುಳ್ಳು ಹೇಳಬೇಕೆಂಬ ಉದ್ದೇಶ ಬೇಕಾಗಿಲ್ಲ. ಹುಡುಕಾಟ ಸ್ವಲ್ಪ ಸಡಿಲವಾಗಿದ್ದ ತಿಂಗಳಲ್ಲಿ ‘ಇಲ್ಲ’ದ ಕಡೆಗೆ ನಾಲಿಗೆ ವಾಲಿದರೆ ಸಾಕು. ಇನ್ನೊಂದು ಕಾರಣ ಮುಜುಗರ. ‘ಇನ್ನೂ ಕೆಲಸ ಸಿಕ್ಕಿಲ್ಲ’ ಎಂದು ಅಪರಿಚಿತರಿಗೆ ಒಮ್ಮೆ ಹೇಳುವುದು ಬೇರೆ, ತಿಂಗಳು ತಿಂಗಳೂ ಹೇಳುವುದು ಬೇರೆ. ‘ಸದ್ಯಕ್ಕೆ ಹುಡುಕುತ್ತಿಲ್ಲ’ ಎನ್ನುವುದರಲ್ಲಿ ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ಮೂರನೆಯ ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆಕೆ ಹಿಂದಿನ ತಿಂಗಳು ಮಾಡಿದ್ದು ಪತ್ರಿಕೆಯ ಜಾಹೀರಾತು ಓದಿದ್ದು ಮಾತ್ರ ಎಂದಿಟ್ಟುಕೊಳ್ಳೋಣ. ಸಿಪಿಎಸ್‌ನ ನಿಯಮದಂತೆ ಬರಿದೇ ಜಾಹೀರಾತು ಓದಿದರೆ ಅದು ಹುಡುಕಾಟವಲ್ಲ. ಅರ್ಜಿ ಹಾಕಿರಬೇಕು, ಯಾರನ್ನಾದರೂ ವಿಚಾರಿಸಿರಬೇಕು. ‘ಬೇರೇನಾದರೂ ಮಾಡಿದಿರಾ’ ಎಂದು ಕೇಳಿದಾಗಲೇ ಆಕೆಗೆ ಇದು ಹೊಳೆಯುತ್ತದೆ. ಎರಡನೇ ತಿಂಗಳು ‘ಹುಡುಕುತ್ತಿಲ್ಲ’ ಎಂದರೆ ಆ ಉತ್ತರ ಮೊದಲಿಗಿಂತ ಹೆಚ್ಚು ಸರಿ! ಅಂದರೆ ಹೊಸಬರ ಉತ್ತರ ಶುದ್ಧ, ಹಳಬರದು ಕಲಬೆರಕೆ ಎಂದು ಗೆರೆ ಎಳೆಯುವ ಹಾಗಿಲ್ಲ. ಅಮೆರಿಕದಲ್ಲೇ ಅಪರಾಧಕ್ಕೆ ತುತ್ತಾದವರ ಸಮೀಕ್ಷೆ ಆರು ತಿಂಗಳಿಗೊಮ್ಮೆ ಏಳು ಸಲ ನಡೆಯುತ್ತದೆ. ಅದರಲ್ಲಿ ಮೊದಲ ಸಂದರ್ಶನದ ಉತ್ತರಗಳನ್ನು ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ‘ಕಳೆದ ಆರು ತಿಂಗಳಲ್ಲಿ ಏನಾದರೂ ಕಳವಾಯಿತೇ’ ಎಂದರೆ ಹೊಸಬರು ವರ್ಷದ ಹಿಂದಿನ ಕಳವನ್ನೂ ಸೇರಿಸಿ ಹೇಳುತ್ತಾರೆ. ಎರಡನೇ ಸಲ ಕೇಳುವಾಗ ಮೊದಲ ಭೇಟಿಯೇ ನೆನಪಿಗೆ ಒಂದು ಗಡಿಕಲ್ಲಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಮೊದಲ ಸಲ ಉತ್ತರಿಸಿದವರೆಲ್ಲ ಎಂಟನೇ ಸಲದವರೆಗೆ ಉಳಿಯುವುದಿಲ್ಲ. ಮನೆ ಬದಲಿಸುತ್ತಾರೆ, ಫೋನ್ ಎತ್ತುವುದಿಲ್ಲ. ಕೆಲಸ ಕಳೆದುಕೊಂಡವರೇ ಹೆಚ್ಚಾಗಿ ಊರು ಬಿಟ್ಟಿದ್ದರೆ, ಉಳಿದವರಲ್ಲಿ ನಿರುದ್ಯೋಗ ತಾನಾಗಿಯೇ ಕಡಿಮೆ ಕಾಣುತ್ತದೆ. ಉತ್ತರ ಯಾರದೂ ಬದಲಾಗಿರಬೇಕಿಲ್ಲ. ಜನ ಕಳಚಿಕೊಂಡದ್ದು ಯಾವುದು, ಜನ ಪಳಗಿದ್ದು ಯಾವುದು? ಇದನ್ನು ಬೇರ್ಪಡಿಸುವುದೇ ಈ ಕ್ಷೇತ್ರದ ನಿಜವಾದ ಕಷ್ಟ.

ಆಂಡ್ರ್ಯೂ ಹಾಲ್ಪರ್ನ್-ಮ್ಯಾನರ್ಸ್ ಮತ್ತು ಜಾನ್ ರಾಬರ್ಟ್ ವಾರೆನ್ ಎಂಬ ಸಮಾಜಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಅಚ್ಚುಕಟ್ಟಾದ ದಾರಿ ತೋರಿಸಿತು. ಅದರ ತಿರುಳನ್ನು ಹೀಗೆ ಹೇಳಬಹುದು. ಒಂದು ಗುಂಪು ಮಾರ್ಚ್‌ನಲ್ಲಿ ಸೇರಿತು, ಇನ್ನೊಂದು ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ಮೊದಲ ಗುಂಪಿಗೆ ಅದು ಎರಡನೇ ಸಂದರ್ಶನ, ಎರಡನೇ ಗುಂಪಿಗೆ ಮೊದಲನೆಯದು. ಈಗ ಎರಡೂ ಗುಂಪಿನಿಂದ ತಮ್ಮ ಮೊದಲ ಎರಡೂ ಸಂದರ್ಶನಗಳಿಗೆ ಉತ್ತರಿಸಿದವರನ್ನು ಮಾತ್ರ ಇಟ್ಟುಕೊಳ್ಳಬೇಕು. ಅಲ್ಲಿಗೆ ಎರಡೂ ಕಡೆ ಇರುವವರು ಅಷ್ಟೇ ನಿಷ್ಠೆಯಿಂದ ಉಳಿದವರು. ತಿಂಗಳೂ ಒಂದೇ, ಉದ್ಯೋಗ ಮಾರುಕಟ್ಟೆಯೂ ಒಂದೇ. ಬೇರೆಯಾಗಿರುವುದು ಒಂದೇ ಸಂಗತಿ, ಎಷ್ಟನೇ ಸಲ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು. 2007ರಿಂದ 2010ರ ನಡುವೆ ಸೇರಿದ ಮನೆಗಳ ಲೆಕ್ಕದಲ್ಲಿ ಹೀಗೆ ನೋಡಿದಾಗಲೂ ಅಂತರ ಉಳಿಯಿತು. ಅಂತರ ಬಂದ ಬಗೆಯೂ ತಿಳಿಯಿತು. ಹಳಬರು ‘ಕೆಲಸ ಸಿಕ್ಕಿತು’ ಎನ್ನುತ್ತಿರಲಿಲ್ಲ. ಹೆಚ್ಚಾಗಿ ‘ನಾನು ಕೆಲಸದ ಹುಡುಕಾಟದಲ್ಲೇ ಇಲ್ಲ’ ಎನ್ನುತ್ತಿದ್ದರು. ಹುಡುಕದವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ದರ ಇಳಿಯುತ್ತದೆ.

ಪ್ರಶ್ನೆ ಉತ್ತರವನ್ನಷ್ಟೇ ಅಲ್ಲ, ನಡವಳಿಕೆಯನ್ನೂ ಬದಲಿಸಬಲ್ಲದು. 2011ರಲ್ಲಿ ಪ್ರಕಟವಾದ ಐದು ಕ್ಷೇತ್ರ ಪ್ರಯೋಗಗಳ ವರದಿಯೊಂದು ಇದನ್ನು ಉತ್ತರಿಸುವವರ ಬಾಯಿಮಾತನ್ನು ನಂಬದೆಯೇ ಅಳೆಯಿತು. ಕೀನ್ಯಾದಲ್ಲಿ ಮಕ್ಕಳ ಭೇದಿಯ ಬಗ್ಗೆ ಪದೇ ಪದೇ ಕೇಳಿದ ಮನೆಗಳಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು ಹೆಚ್ಚಾಯಿತು. ಯಾರೂ ಉಪದೇಶ ಮಾಡಿರಲಿಲ್ಲ, ಪ್ರಶ್ನೆ ಕೇಳಿದ್ದಷ್ಟೇ. ಮಕ್ಕಳಿಗೆ ಇದು ಒಳ್ಳೆಯದೇ ಆದರೂ, ಶುದ್ಧ ನೀರಿನ ಯೋಜನೆಯಿಂದ ಭೇದಿ ಎಷ್ಟು ಇಳಿಯಿತು ಎಂದು ಅಳೆಯಲು ಹೋದವರ ಲೆಕ್ಕ ತಪ್ಪಿತು. ಸಾಲದ ಬಗ್ಗೆ ನಡೆದ ಉಳಿದೆರಡು ಪ್ರಯೋಗಗಳಲ್ಲಿ ಇಂಥ ಪರಿಣಾಮ ಕಾಣಲಿಲ್ಲ. ಮನೆಯವರ ಕೈಯಲ್ಲೇ ಇರುವ, ಮರೆತುಹೋಗುವಂಥ ಕೆಲಸವಾದರೆ ಪ್ರಶ್ನೆಯೇ ನೆನಪೋಲೆಯಾಗುತ್ತದೆ, ಸಾಲ ಯಾರೂ ಮರೆಯುವ ವಿಷಯವಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಹಾಗಾದರೆ ತಡೆಯುವುದು ಹೇಗೆ? ಮೊದಲ ಕೆಲಸ ಪ್ರಶ್ನಾವಳಿಯಲ್ಲೇ ಆಗಬೇಕು. ‘ಹೌದು’ ಎಂದವರಿಗೆ ತಕ್ಷಣ ಉಪಪ್ರಶ್ನೆಗಳ ಶಿಕ್ಷೆ ಬಿದ್ದರೆ ಅವರು ಬೇಗ ಕಲಿಯುತ್ತಾರೆ. ಅದರ ಬದಲು ಹೌದು-ಇಲ್ಲದ ಪ್ರಶ್ನೆಗಳನ್ನೆಲ್ಲ ಮೊದಲು ಒಟ್ಟಿಗೆ ಕೇಳಿ ಮುಗಿಸಿ, ಉಪಪ್ರಶ್ನೆಗಳನ್ನು ಕೊನೆಗೆ ಇಡಬಹುದು. ಫ್ರೌಕೆ ಕ್ರಾಯ್ಟರ್ ಮತ್ತು ಸಹಸಂಶೋಧಕರು ಎರಡೂ ಬಗೆಗಳನ್ನು ಹೋಲಿಸಿದಾಗ, ಒಟ್ಟಿಗೆ ಕೇಳಿದಾಗಲೇ ‘ಹೌದು’ಗಳು ಹೆಚ್ಚು ಬಂದವು. ಆದರೆ ಇದು ಒಂದು ಸಂದರ್ಶನದ ಒಳಗಿನ ಕಲಿಕೆಯನ್ನು ತಡೆಯುತ್ತದೆ. ಮುಂದಿನ ತಿಂಗಳ ಹೊತ್ತಿಗೆ ಈ ಜೋಡಣೆಯೂ ಗೊತ್ತಾಗಿರುತ್ತದೆ. ಅದಕ್ಕೇ ಹೊರೆಯನ್ನೂ ಇಳಿಸಬೇಕು. 1994ರಲ್ಲಿ ಸಿಪಿಎಸ್ ಕಂಪ್ಯೂಟರಿಗೆ ಬದಲಾದಾಗ, ಎರಡು ತಿಂಗಳೂ ನಿರುದ್ಯೋಗಿಯಾಗಿ ಉಳಿದವರನ್ನು ‘ಎಷ್ಟು ವಾರದಿಂದ’ ಎಂದು ಮತ್ತೆ ಕೇಳುವುದು ನಿಂತಿತು. ಹಿಂದಿನ ಉತ್ತರಕ್ಕೆ ಕಂಪ್ಯೂಟರೇ ನಾಲ್ಕೈದು ವಾರ ಕೂಡಿಸುತ್ತದೆ.

ಎರಡನೆಯದು ಆವರ್ತನೆ. ಹಳಬರನ್ನು ನಿಯಮಿತವಾಗಿ ಬಿಟ್ಟುಕೊಟ್ಟು ಹೊಸಬರನ್ನು ಸೇರಿಸುವುದು. ಇದರಿಂದ ಯಾರೂ ಅತಿಯಾಗಿ ಪಳಗುವುದಿಲ್ಲ ಎಂಬುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಲೆಕ್ಕದಲ್ಲಿದೆ. ಪ್ರತಿ ತಿಂಗಳೂ ಎಂಟು ಹಂತದವರೂ ಸಮಪ್ರಮಾಣದಲ್ಲಿ ಇದ್ದರೆ ಓರೆ ಇರುತ್ತದೆ, ಆದರೆ ಎಲ್ಲ ತಿಂಗಳೂ ಅಷ್ಟೇ ಇರುತ್ತದೆ. ದರ ನಿಜಕ್ಕಿಂತ ಅರ್ಧ ಅಂಶ ಕೆಳಗಿದ್ದರೂ ಏರಿತೋ ಇಳಿಯಿತೋ ಎಂಬುದು ಸರಿಯಾಗಿ ಸಿಗುತ್ತದೆ. ಕ್ರೂಗರ್ ತಂಡದ ಶೋಧ ಕಳವಳ ಹುಟ್ಟಿಸಿದ್ದು ಇಲ್ಲೇ: ಓರೆ ಸ್ಥಿರವಾಗಿ ಉಳಿಯದೆ 1994ರ ನಂತರ ಹೆಚ್ಚಾಗಿತ್ತು. ಆಗ ದಶಕಗಳ ಅಂತರದ ದರಗಳನ್ನು ಅಕ್ಕಪಕ್ಕ ಇಡುವುದು ಸುಲಭವಲ್ಲ.

ಹೊಸಬರ ಗುಂಪು ಅಳತೆಗೋಲಾಗಿಯೂ ಬೇಕು. ಪಾಲ್ ಲಾಜರ್ಸ್‌ಫೆಲ್ಡ್ 1940ರ ಅಮೆರಿಕ ಅಧ್ಯಕ್ಷ ಚುನಾವಣೆಯ ವೇಳೆ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಮಾತಾಡಿಸಿದರು. ಜೊತೆಗೆ ತಲಾ 600 ಜನರ ಇನ್ನೂ ಮೂರು ಗುಂಪುಗಳನ್ನು ಇಟ್ಟುಕೊಂಡಿದ್ದರು. ಅವರನ್ನು ಆರಂಭದ ಸಂದರ್ಶನದ ನಂತರ ಒಂದೊಂದು ಸಲ ಮಾತ್ರ ಮತ್ತೆ ಕೇಳಿದರು. ಪಳಗಿದವರು ಬೇರೆ ದಾರಿ ಹಿಡಿದಿದ್ದಾರೆಯೇ ಎಂದು ನೋಡಲು ಆ ಗುಂಪುಗಳೇ ಒರೆಗಲ್ಲು.

ಈಗ ಇದು ನಮ್ಮ ಮನೆಬಾಗಿಲಿಗೂ ಬಂದಿದೆ. ನಮ್ಮ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆ 2017ರಿಂದ ನಗರದ ಪ್ರತಿ ಆಯ್ದ ಮನೆಯನ್ನು ನಾಲ್ಕು ಸಲ, ಮೂರು ತಿಂಗಳಿಗೊಮ್ಮೆ ಮಾತಾಡಿಸುತ್ತಿತ್ತು. 2025ರ ಜನವರಿಯಿಂದ ಹಳ್ಳಿ ಮತ್ತು ನಗರ ಎರಡರಲ್ಲೂ ಸತತ ನಾಲ್ಕು ತಿಂಗಳು ಕೇಳುವ ಪದ್ಧತಿ ಬಂದಿದೆ. ಅಂತರ ಕಡಿಮೆಯಾದಷ್ಟೂ ಹಿಂದಿನ ಪ್ರಶ್ನೆ ನೆನಪಿನಲ್ಲಿ ಉಳಿಯುತ್ತದೆ, ಹಾಗಾಗಿ ಎಷ್ಟನೇ ಭೇಟಿ ಎಂಬುದರ ಪ್ರಕಾರ ದರವನ್ನು ಬಿಡಿಸಿ ನೋಡುವ ಅಗತ್ಯ ಈಗ ಹೆಚ್ಚು. ಹಾಗೆ ನೋಡುವವರು ಒಂದು ಎಚ್ಚರ ವಹಿಸಬೇಕು. ಮೊದಲ ಭೇಟಿಗೆ ಸಿಬ್ಬಂದಿ ಮನೆಗೇ ಬರುತ್ತಾರೆ, ಮರುಭೇಟಿ ಅನೇಕ ಸಲ ಫೋನಿನಲ್ಲೇ ಮುಗಿಯುತ್ತದೆ. ಸಿಪಿಎಸ್‌ನಲ್ಲೂ ಮೊದಲ ಮತ್ತು ಐದನೇ ಸಂದರ್ಶನ ಸಾಮಾನ್ಯವಾಗಿ ಎದುರಾಎದುರು ನಡೆಯುತ್ತದೆ, ಉಳಿದವು ಬಹುತೇಕ ಫೋನಿನಲ್ಲಿ. ಆದ್ದರಿಂದ ಒಂದು ಮತ್ತು ಎರಡನೇ ಭೇಟಿಯ ನಡುವಿನ ಅಂತರದಲ್ಲಿ ಪಳಗಿದ್ದು ಎಷ್ಟು, ಫೋನಿನದು ಎಷ್ಟು ಎಂದು ಬಿಡಿಸಲಾಗದು. ಎರಡು, ಮೂರು, ನಾಲ್ಕನೇ ಭೇಟಿಗಳನ್ನು ತಮ್ಮತಮ್ಮಲ್ಲೇ, ಅದೂ ನಾಲ್ಕಕ್ಕೂ ಉತ್ತರಿಸಿದ ಮನೆಗಳಲ್ಲಿ ಮಾತ್ರ, ಒಂದೇ ತಿಂಗಳೊಳಗೆ ಹೋಲಿಸಿದರೆ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತದೆ.