ಕೋನಕ್ಕೊಂದು ಬಣ್ಣದ ಕಾರು

1996ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಮಸ್ಟಾಂಗ್ ಕೋಬ್ರಾ ಕಾರಿಗೆ ‘ಮಿಸ್ಟಿಕ್’ ಎಂಬ ಹೊಸ ಬಣ್ಣ ಕೊಟ್ಟಿತು. ಆ ಬಣ್ಣ ಬಳಿಸಿಕೊಂಡು ಹೊರಬಂದವು ಸುಮಾರು ಎರಡು ಸಾವಿರ ಕಾರುಗಳು ಮಾತ್ರ. ನಿಂತ ಜಾಗ ಬದಲಾದಂತೆ ಒಂದೇ ಬಾನೆಟ್ಟು ಹಸಿರಾಗಿ, ನೇರಳೆಯಾಗಿ, ಹೊಂಬಣ್ಣವಾಗಿ ಕಾಣುತ್ತಿತ್ತು. ಇಂಥ ಕಾರನ್ನು ಕಂಪ್ಯೂಟರಿನಲ್ಲಿ ಚಿತ್ರಿಸಲು ಹೊರಟವರಿಗೆ ಮೊದಲ ಪ್ರಶ್ನೆಯೇ ತೊಡಕಿನದು: ಇದರ ಬಣ್ಣ ಯಾವುದು ಎಂದು ತುಂಬುವುದು?

ಉತ್ತರ ಸಿಗಬೇಕಾದರೆ ಕಾರಿನ ಮೈಯನ್ನು ಅಡ್ಡ ಕೊಯ್ದು ನೋಡಬೇಕು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ವಾರ್ನಿಶ್. ಕಣ್ಣಿಗೆ ಲೆಕ್ಕವಾಗುವುದು ಕೊನೆಯ ಎರಡೇ. ಮೆಟಾಲಿಕ್ ಕಾರಾದರೆ ಬಣ್ಣದ ಪದರದೊಳಗೆ ಅಲ್ಯೂಮಿನಿಯಂ ಚಕ್ಕೆಗಳು ಹುದುಗಿರುತ್ತವೆ. ಒಂದೊಂದೂ ಕೆಲವು ಹತ್ತು ಮೈಕ್ರಾನ್ ಅಗಲ, ಅಂದರೆ ಕೂದಲೆಳೆಗಿಂತ ಕಿರಿದು. ಬಹುತೇಕ ಚಪ್ಪಟೆಯಾಗಿ ಮಲಗಿದ್ದರೂ ಪ್ರತಿಯೊಂದೂ ಒಂದಿಷ್ಟು ಓರೆಯಾಗಿರುತ್ತದೆ. ಆ ಓರೆಯೇ ಮಿನುಗಿನ ಮೂಲ.

ಬಣ್ಣ ಬದಲಿಸುವ ಕಾರಿನಲ್ಲಿ ಚಕ್ಕೆಯ ರಚನೆಯೇ ಬೇರೆ. ಒಂದು ಬಣ್ಣದ ಹಾಸು, ಇನ್ನೊಂದು ಬಣ್ಣದ ಹೊಕ್ಕಿನಿಂದ ನೇಯ್ದ ರೇಷ್ಮೆ ಸೀರೆಯ ಮಡಿಕೆಗಳು ಎರಡು ಬಣ್ಣ ತೋರುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಎರಡು ಬಣ್ಣದ ನೂಲು ನಿಜವಾಗಿಯೂ ಇರುತ್ತದೆ. ಈ ಚಕ್ಕೆಯಲ್ಲಿ ಅಂಥ ಬಣ್ಣವೇ ಇಲ್ಲ. ನಡುವೆ ಅಲ್ಯೂಮಿನಿಯಂ ಕನ್ನಡಿ, ಅದರ ಎರಡೂ ಬದಿಗೆ ಮೆಗ್ನೀಶಿಯಂ ಫ್ಲೋರೈಡಿನ ಪಾರದರ್ಶಕ ಪೊರೆ, ಹೊರಗೆ ಬೆಳಕು ಅರೆಬರೆ ದಾಟುವಷ್ಟು ತೆಳುವಾದ ಕ್ರೋಮಿಯಂ. ಹೊರಗಿನ ಕ್ರೋಮಿಯಂನಿಂದ ಮರಳಿದ ಬೆಳಕೂ ಒಳಗಿನ ಕನ್ನಡಿಯಿಂದ ಮರಳಿದ ಬೆಳಕೂ ಕೂಡಿದಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ರಸ್ತೆಯ ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಕಾಣುವುದೂ ಇದೇ ಆಟ.

ಇದನ್ನು ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಕಟ್ಟುವುದು ಹೇಗೆಂದು ನೋಡೋಣ. ಅಲ್ಲಿನ `Principled BSDF` ಎಂಬ ಒಂದೇ ಪೆಟ್ಟಿಗೆಯಲ್ಲಿ ಎರಡೂ ಪದರಗಳಿಗೆ ಜಾಗವಿದೆ. ಕೆಳಪದರ ಲೋಹವಾಗಬೇಕು, ಹಾಗಾಗಿ `Metallic` 1. ಮೇಲಿನ ವಾರ್ನಿಶ್‌ಗೆ `Coat Weight` 1, ನುಣುಪಿಗಾಗಿ `Coat Roughness` 0.02ರ ಆಸುಪಾಸು, ವಕ್ರೀಭವನ ಸೂಚ್ಯಂಕ `Coat IOR` 1.5. ಇಷ್ಟಕ್ಕೆ ಬಣ್ಣ ಬಳಿದ ಲೋಹಕ್ಕೆ ಗಾಜು ಹೊದಿಸಿದಂತಾಗುತ್ತದೆ.

ಚಕ್ಕೆಗಳಿಗೆ `Voronoi Texture` ಬೇಕು. ಅದು ಮೇಲ್ಮೈಯನ್ನು ಬಿರುಕು ಬಿಟ್ಟ ಕೆರೆಯಂಗಳದಂತೆ ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೂ ತನ್ನಿಷ್ಟದ ಬಣ್ಣ ಕೊಡುತ್ತದೆ. ಕಂಪ್ಯೂಟರಿಗೆ ಬಣ್ಣವೆಂದರೆ 0ಯಿಂದ 1ರ ನಡುವಿನ ಮೂರು ಸಂಖ್ಯೆಗಳು. ಪ್ರತಿಯೊಂದರಿಂದ 0.5 ಕಳೆದರೆ ಅವೇ ಮೂರು ಸಂಖ್ಯೆಗಳು ಎಡ–ಬಲ, ಹಿಂದೆ–ಮುಂದೆ, ಮೇಲೆ–ಕೆಳಗೆ ವಾಲುವ ದಿಕ್ಕಾಗುತ್ತವೆ. ಅದನ್ನು 0.2ರಿಂದ ಗುಣಿಸಿ ಸಣ್ಣದಾಗಿಸಿ, ಮೇಲ್ಮೈಯ ಲಂಬ ದಿಕ್ಕಿಗೆ ಕೂಡಿಸಿ, `Normalize` ಮಾಡಿ `Normal` ಕಿಂಡಿಗೆ ಜೋಡಿಸಿದರೆ ಪ್ರತಿ ತುಂಡೂ ಓರೆಯಾಗಿ ಮಲಗಿದ ಪುಟ್ಟ ಕನ್ನಡಿಯಾಗುತ್ತದೆ.

ಹೊಸಬರು ಎಡವುವುದು ಇಲ್ಲೇ. ಇದೇ ಎಳೆಯನ್ನು `Coat Normal` ಕಿಂಡಿಗೂ ಜೋಡಿಸಿಬಿಡುತ್ತಾರೆ. ಆಗ ಚಕ್ಕೆಯ ಜೊತೆಗೆ ವಾರ್ನಿಶ್ ಕೂಡ ಒಡೆದು, ಕಾರು ಉಪ್ಪುಕಾಗದ ಸುತ್ತಿದಂತೆ ಕಾಣುತ್ತದೆ. ತಪ್ಪನ್ನು ಕಂಡುಹಿಡಿಯಲು ಕಾರಿನ ಮೇಲೊಂದು ಉದ್ದನೆಯ ಟ್ಯೂಬ್‌ಲೈಟ್ ಇಟ್ಟು ನೋಡಿದರೆ ಸಾಕು. ಟ್ಯೂಬ್‌ಲೈಟಿನ ಬಿಂಬ ಗೆರೆ ಕೊರೆದಂತೆ ಚೂಪಾಗಿರಬೇಕು. ಮಿನುಗು ಅದರ ಸುತ್ತ, ಅದರ ಅಡಿಯಲ್ಲಿ ಚೆಲ್ಲಿರಬೇಕು. ಬಿಂಬವೇ ಚೂರಾಗಿದ್ದರೆ ಎಳೆ ತಪ್ಪು ಕಿಂಡಿಗೆ ಹೋಗಿದೆ ಎಂದರ್ಥ.

ಚಕ್ಕೆಯ ಗಾತ್ರದಲ್ಲೂ ವಿವೇಕ ಬೇಕು. ನಿಜವಾದ 20 ಮೈಕ್ರಾನ್ ಚಕ್ಕೆ ಬೇಕೆಂದರೆ `Scale` 50,000ದ ಹತ್ತಿರ ಇಡಬೇಕಾಗುತ್ತದೆ. ಆದರೆ ಐದು ಮೀಟರ್ ಅಗಲದ ದೃಶ್ಯವನ್ನು 1,920 ಪಿಕ್ಸೆಲ್‌ಗಳಲ್ಲಿ ತೋರಿಸಿದಾಗ ಒಂದು ಪಿಕ್ಸೆಲ್‌ನ ಅಗಲ ಸುಮಾರು 2.6 ಮಿಲಿಮೀಟರ್. ಅಷ್ಟರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಚಕ್ಕೆಗಳು ತುರುಕಿಕೊಂಡಿರುತ್ತವೆ. ಕಂಪ್ಯೂಟರ್ ಅವುಗಳಲ್ಲಿ ಕೆಲವನ್ನಷ್ಟೇ ಮುಟ್ಟಿ ನೋಡುವುದರಿಂದ ಚಿತ್ರದಲ್ಲಿ ಬಿಳಿ ಚುಕ್ಕಿಗಳು ಸಿಡಿಯುತ್ತವೆ, ಚಲಿಸುವ ದೃಶ್ಯವಾದರೆ ಕಾರಿನ ಮೈ ಪಟಪಟ ಮಿಟುಕುತ್ತದೆ. ಅನುಭವಿಗಳು ದೂರದ ದೃಶ್ಯದಲ್ಲಿ ಚಕ್ಕೆಗಳನ್ನು ತೆಗೆದೇಬಿಟ್ಟು, ಕೆಳಪದರದ `Roughness` ಅನ್ನು 0.3ರವರೆಗೆ ಏರಿಸುತ್ತಾರೆ; ಲೆಕ್ಕವಿಲ್ಲದಷ್ಟು ಓರೆಗಳ ಸರಾಸರಿ ದೂರದಿಂದ ಹಾಗೇ ಕಾಣುತ್ತದೆ. ಬಾಗಿಲ ಹಿಡಿಯಷ್ಟೇ ತುಂಬಿದ ಹತ್ತಿರದ ದೃಶ್ಯಕ್ಕೆ `Scale` 2,000 ಇಟ್ಟರೆ ಅರ್ಧ ಮಿಲಿಮೀಟರಿನ ಚಕ್ಕೆಗಳು ಬರುತ್ತವೆ. ನಿಜಕ್ಕಿಂತ ಎಷ್ಟೋ ದೊಡ್ಡವಾದರೂ ಕಣ್ಣು ಒಪ್ಪುತ್ತದೆ.

ಇನ್ನು ಬಣ್ಣದ ಪಲ್ಲಟ. ಇದನ್ನು ಮನಸ್ಸಿಗೆ ಬಂದ ಕಾಮನಬಿಲ್ಲಿನಿಂದ ತುಂಬುವವರೇ ಹೆಚ್ಚು, ಚಿತ್ರ ಆಟಿಕೆಯಂತೆ ಕಾಣುವುದೂ ಅದಕ್ಕೇ. ಪೊರೆಯ ಲೆಕ್ಕ ಸರಳವಾಗಿದೆ:

```
λ(θ) = λ₀ × √(1 − (sin θ / n)²)
```

ಇಲ್ಲಿ λ₀ ಎಂದರೆ ನೇರ ನೋಡಿದಾಗ ಬಲಗೊಳ್ಳುವ ಬೆಳಕಿನ ತರಂಗಾಂತರ, θ ಓರೆ ನೋಟದ ಕೋನ, n ಪೊರೆಯ ಸೂಚ್ಯಂಕ. ಮೆಗ್ನೀಶಿಯಂ ಫ್ಲೋರೈಡಿಗೆ ಅದು 1.38. ನೇರ ನೋಟಕ್ಕೆ 620 ನ್ಯಾನೊಮೀಟರಿನ ಕೆಂಪು ಛಾಯೆಯ ಕಿತ್ತಳೆ ಬರುವ ಚಕ್ಕೆಯನ್ನೇ ತೆಗೆದುಕೊಳ್ಳೋಣ. 30 ಡಿಗ್ರಿ ಓರೆಯಾದಾಗ ಅದು 578ಕ್ಕೆ ಇಳಿದು ಹಳದಿಯಾಗುತ್ತದೆ, 45ರಲ್ಲಿ 532ರ ಹಸಿರು, 60ರಲ್ಲಿ 483ರ ನೀಲಿ. ಓರೆ ಹೆಚ್ಚಿದಷ್ಟೂ ತರಂಗಾಂತರ ಕುಗ್ಗುತ್ತದೆ, ಹಿಗ್ಗುವುದಿಲ್ಲ.

ಬ್ಲೆಂಡರಿನಲ್ಲಿ ಕೋನವನ್ನು ಅಳೆದುಕೊಡುವುದು `Layer Weight` ಪೆಟ್ಟಿಗೆಯ `Facing`. ಅದು ನೇರ ನೋಟಕ್ಕೆ 0, ಅಂಚಿಗೆ 1 ಕೊಡುತ್ತದೆ. ಅದನ್ನು `Color Ramp`ಗೆ ಸೇರಿಸಿ ನಮ್ಮ ನಾಲ್ಕು ಬಣ್ಣಗಳನ್ನು 0, 0.13, 0.29, 0.5ರಲ್ಲಿ ಕೂರಿಸಿ, ಬಂದದ್ದನ್ನು `Base Color`ಗೆ ಕೊಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಓರೆ ಮಾಡಿದ ಚಕ್ಕೆಯ ದಿಕ್ಕನ್ನೇ `Layer Weight`ನ `Normal`ಗೂ ಉಣಿಸಿದರೆ ಪ್ರತಿ ಚಕ್ಕೆಯೂ ತನ್ನ ಓರೆಗೆ ತಕ್ಕ ಬಣ್ಣ ತೋರುತ್ತದೆ. ಹಸಿರು ಬಾಗಿಲಿನ ನಡುವೆ ಒಂದೆರಡು ಹಳದಿ, ಒಂದೆರಡು ನೀಲಿ ಕಿಡಿ. ಆ ಕಿಡಿಗಳಿಲ್ಲದಿದ್ದರೆ ಬಣ್ಣ ಬಲೂನಿನ ಮೇಲೆ ಸವರಿದಂತೆ ಸಪ್ಪೆ.

ಅಂಚಿನ ಬಣ್ಣಕ್ಕಾಗಿ ಮಾತ್ರ ಹೆಚ್ಚು ಹೆಣಗಬೇಕಿಲ್ಲ. 1.5 ಸೂಚ್ಯಂಕದ ವಾರ್ನಿಶ್ ನೇರ ನೋಟದಲ್ಲಿ ಶೇಕಡಾ 4ರಷ್ಟು ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ, 60 ಡಿಗ್ರಿಗೆ ಶೇಕಡಾ 9. ಆದರೆ 80 ಡಿಗ್ರಿ ತಲುಪುವಷ್ಟರಲ್ಲಿ ಅದು ಶೇಕಡಾ 39 ಆಗುತ್ತದೆ. ಕಾರಿನ ತೀರ ಅಂಚಿನಲ್ಲಿ ಕಾಣುವುದು ಹೆಚ್ಚಾಗಿ ಆಕಾಶದ ಬಿಂಬವೇ.

ಇದನ್ನೆಲ್ಲ ಪರೀಕ್ಷಿಸಲು ಮಿಸ್ಟಿಕ್ ಕೋಬ್ರಾ ಬೇಕಿಲ್ಲ. ಮನೆ ಮುಂದೆ ನಿಂತ ಯಾವುದೇ ಮೆಟಾಲಿಕ್ ಕಾರಿನ ಬಾನೆಟ್ಟಿಗೆ ಬಿಸಿಲಿನಲ್ಲಿ ಒಂದು ಗೇಣು ದೂರದವರೆಗೆ ಮುಖ ತನ್ನಿ. ಒಂದು ಮಿನುಗನ್ನು ಗುರುತಿಟ್ಟುಕೊಂಡು ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಹೊಳೆದ ಚಕ್ಕೆ ಇನ್ನೊಂದು ಕಣ್ಣಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ.