ಕೊನೆಯ ದಿನ ಯಾವುದು?

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬರನ್ನು ಊಹಿಸಿಕೊಳ್ಳಿ. ಬೇರೆ ಕಂಪನಿಯ ಆಫರ್ ಲೆಟರ್ ಕೈಗೆ ಬಂದಿದೆ. ಆಗಸ್ಟ್ 4ಕ್ಕೆ ಸೇರುತ್ತೇನೆಂದು ಸಹಿ ಹಾಕಿ ಕಳಿಸಿಯೂ ಆಗಿದೆ. 2025ರ ಜೂನ್ 2, ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಬೇರೆ ಕಡೆ ಸಿಕ್ಕಿದೆ" ಅಂದರು. "ಈ ವಾರ ಆಡಿಟ್ ಇದೆಯಲ್ಲಪ್ಪಾ, ಮೇಲ್ ನಿಧಾನಕ್ಕೆ ಹಾಕು" ಅಂದರು ಮ್ಯಾನೇಜರ್. ಮೇಲ್ ಹೋದದ್ದು ಜೂನ್ 9ಕ್ಕೆ.

ಎಡವಟ್ಟಾದದ್ದು ಇಲ್ಲಿಯೇ. ನೇಮಕಾತಿ ಪತ್ರದಲ್ಲಿ 60 ದಿನಗಳ ನೋಟಿಸ್ ಎಂದಿದೆ. ಜೂನ್ 2ನ್ನೇ ಮೊದಲ ದಿನವೆಂದು ಎಣಿಸಿದರೆ ಅರವತ್ತನೆಯ ದಿನ ಜುಲೈ 31. ಮಧ್ಯೆ ಮೂರು ದಿನ ಊರಿಗೂ ಹೋಗಿ ಬರಬಹುದು. ಜೂನ್ 9ರಿಂದ ಎಣಿಸಿದರೆ ಅದು ಆಗಸ್ಟ್ 7. ಹೊಸ ಕೆಲಸಕ್ಕೆ ಸೇರಬೇಕಾದ ದಿನ ಇವರಿನ್ನೂ ಹಳೆ ಕಚೇರಿಯಲ್ಲೇ ಇರಬೇಕು. ಬಾಯಿಮಾತು ಎಚ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ನಾಲ್ಕು ದಿನಕ್ಕೆ ಹಣ ಕಟ್ಟಿ ಬಿಡಿಸಿಕೊಳ್ಳಲು ಕೆಲವು ಕಡೆ ಅವಕಾಶವಿದೆ. ಆದರೆ ಆ ಹಣವನ್ನು ಮೂಲವೇತನದ ಮೇಲೆ ಲೆಕ್ಕ ಹಾಕುತ್ತಾರೋ ಪೂರ್ತಿ ಸಂಬಳದ ಮೇಲೋ ಎಂಬುದನ್ನು ನೇಮಕಾತಿ ಪತ್ರದಲ್ಲೇ ಹುಡುಕಬೇಕು. ತಿಂಗಳಿಗೆ ಮೂಲವೇತನ 30,000, ಒಟ್ಟು ಸಂಬಳ 60,000 ಇದ್ದರೆ ನಾಲ್ಕು ದಿನಕ್ಕೆ ಒಂದು ಲೆಕ್ಕದಲ್ಲಿ 4,000, ಇನ್ನೊಂದರಲ್ಲಿ 8,000.

ಮಾತಾಡಿದ ದಿನವೇ ಮೇಲ್ ಹಾಕಿದ್ದರೆ ಇಷ್ಟೆಲ್ಲ ರಗಳೆ ಇರುತ್ತಿರಲಿಲ್ಲ. ಮೊದಲು ಎದುರು ಕೂತು ಹೇಳುವುದು ಮರ್ಯಾದೆ, ಅದನ್ನು ಬಿಡಬಾರದು. ಆದರೆ ಸಂಜೆಯೊಳಗೆ ಮೇಲ್ ಹೋಗಿರಬೇಕು, ಎಚ್‌ಆರ್‌ಗೂ ಪ್ರತಿ ಇರಬೇಕು. ಅದು ಉದ್ದ ಇರಬೇಕಾಗಿಲ್ಲ:

"ಸರ್, ಬೆಳಿಗ್ಗೆ ತಮ್ಮೊಂದಿಗೆ ಮಾತಾಡಿದಂತೆ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. 60 ದಿನಗಳ ನೋಟಿಸ್ ಅವಧಿ ಇಂದಿನಿಂದ, ಅಂದರೆ ಜೂನ್ 2ರಿಂದ ಆರಂಭವಾಗಿ ಜುಲೈ 31ಕ್ಕೆ ಮುಗಿಯುತ್ತದೆ; ಅದೇ ನನ್ನ ಕೊನೆಯ ಕೆಲಸದ ದಿನ. ಜೂನ್‌ನಲ್ಲಿ ಜಿಎಸ್‌ಟಿ ರಿಟರ್ನ್‌ಗಳನ್ನು ನಾನು ಸಲ್ಲಿಸುವಾಗ ಮುಂದೆ ಈ ಕೆಲಸ ನೋಡಿಕೊಳ್ಳುವವರು ಪಕ್ಕದಲ್ಲಿರಲಿ, ಜುಲೈನಲ್ಲಿ ಅವರೇ ಸಲ್ಲಿಸಲಿ. ಆ ಹೆಸರನ್ನು ಈ ವಾರ ತಿಳಿಸಿದರೆ ಅನುಕೂಲ. ಕೊನೆಯ ದಿನಾಂಕವನ್ನು ಖಚಿತಪಡಿಸಿ ಉತ್ತರಿಸಬೇಕೆಂದು ಕೋರುತ್ತೇನೆ. ಇಲ್ಲಿ ಕಲಿತದ್ದಕ್ಕೆ ಋಣಿ."

"ರಾಜೀನಾಮೆ ನೀಡಲು ಯೋಚಿಸುತ್ತಿದ್ದೇನೆ" ಎಂದು ಬರೆದರೆ ಅದು ರಾಜೀನಾಮೆಯೇ ಅಲ್ಲ. ಹೊಸ ಕಂಪನಿಯ ಹೆಸರು, ಸಂಬಳ, ಹಳೆಯ ಸಿಟ್ಟು ಯಾವುದಕ್ಕೂ ಇಲ್ಲಿ ಜಾಗವಿಲ್ಲ. ಸಿಟ್ಟನ್ನು ಬರೆಯಲೇಬೇಕೆನಿಸಿದರೆ ಮನೆಯಲ್ಲಿ ಹಾಳೆಯ ಮೇಲೆ ಬರೆದು ಒಲೆಗೆ ಹಾಕಿ. ಉತ್ತರ ಬಂದ ಮೇಲೆ ಈ ಎರಡೂ ಮೇಲ್‌ಗಳ ಪ್ರತಿ ನಿಮ್ಮ ಬಳಿ ಇರಲಿ, ಕೊನೆಯ ಸಂಜೆ ಕಚೇರಿಯ ಮೇಲ್ ಮುಚ್ಚಿಹೋಗುತ್ತದೆ. ಹಾಗೆಂದು ಆಫೀಸಿನ ಫೈಲುಗಳನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ಅದು ಬೇರೆಯೇ ತಾಪತ್ರಯ.

ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಅವಧಿ ಮುಂದಕ್ಕೆ ಹೋಗುವ ನಿಯಮ ಹಲವು ಕಂಪನಿಗಳಲ್ಲಿದೆ. ಅಕ್ಕನ ಮನೆಯ ಗೃಹಪ್ರವೇಶಕ್ಕೆ ಎರಡು ದಿನ ಹೋಗುವ ಮುನ್ನ ಇದನ್ನು ಕೇಳಿಕೊಳ್ಳಿ.

ಇನ್ನು ಕೆಲಸ ಒಪ್ಪಿಸುವುದು. ಮೇಲ್‌ನಲ್ಲಿ ಜೂನ್, ಜುಲೈ ಎಂದು ಬರೆದದ್ದು ಸುಮ್ಮನೆ ಅಲ್ಲ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಗಡುವು. ಅರವತ್ತು ದಿನದೊಳಗೆ ಈ ಸುತ್ತು ಎರಡು ಸಲ ಬರುತ್ತದೆ. ಮೊದಲ ಸುತ್ತಿನಲ್ಲಿ ಹೊಸಬರು ನೋಡಬೇಕು, ಎರಡನೆಯದರಲ್ಲಿ ಅವರೇ ಮಾಡಬೇಕು, ಹಳಬರು ಕೈಕಟ್ಟಿ ಕೂರಬೇಕು. ಹಾಗೆ ಕೂರುವುದು ಬಲು ಕಷ್ಟ. ಆದರೆ ಯಾವ ಗಿರಾಕಿ ಪ್ರತಿ ತಿಂಗಳೂ ಡೆಬಿಟ್ ನೋಟ್ ತಡವಾಗಿ ಕಳಿಸುತ್ತಾನೆ, ಯಾವ ಬಿಲ್‌ನಲ್ಲಿ ಎಚ್‌ಎಸ್‌ಎನ್ ಕೋಡ್ ತಪ್ಪಿ ಬೀಳುತ್ತದೆ ಎಂಬುದೆಲ್ಲ ಆ ಎರಡನೇ ಸುತ್ತಿನಲ್ಲೇ ಹೊರಬೀಳುವುದು. ಅದನ್ನೆಲ್ಲ ಅಲ್ಲಲ್ಲೇ ಒಂದು ಹಾಳೆಗೆ ಇಳಿಸಿದರೆ ಅದೇ ಹಸ್ತಾಂತರ ಟಿಪ್ಪಣಿ.

ಒಂದು ಸಂಗತಿ ಮಾತ್ರ ಯಾವ ಟಿಪ್ಪಣಿಯಲ್ಲೂ ಬರುವುದಿಲ್ಲ. ಈ ಕಾರ್ಖಾನೆ ಪಾಲುದಾರಿಕೆಯದ್ದು, ಹಾಗಾಗಿ ಡಿಜಿಟಲ್ ಸಹಿ ಇಲ್ಲದೆ ಓಟಿಪಿಯಿಂದಲೂ ರಿಟರ್ನ್ ಸಲ್ಲಿಸಬಹುದು. ಮಾಲೀಕರಿಗೇಕೆ ತೊಂದರೆ ಎಂದು ಇವರು ಎಂದೋ ಜಿಎಸ್‌ಟಿ ನೋಂದಣಿಯಲ್ಲಿ ತಮ್ಮದೇ ಮೊಬೈಲ್ ನಂಬರ್ ಕೊಟ್ಟಿದ್ದಾರೆ. ಜುಲೈನಲ್ಲೇ ಅದನ್ನು ಮಾಲೀಕರ ನಂಬರಿಗೆ ಬದಲಿಸದಿದ್ದರೆ, ಆಗಸ್ಟ್ 11ರ ಸಂಜೆ ಹೊಸ ಕಚೇರಿಯ ಮೀಟಿಂಗ್‌ನಲ್ಲಿ ಕೂತಿರುವಾಗ ಫೋನ್ ನಡುಗುತ್ತದೆ: "ಸಾರ್, ಓಟಿಪಿ ಬಂತಾ?"