ಕುಲುಮೆ ಕುಣಿದರೆ ದೀಪವೂ ಕುಣಿಯುತ್ತದೆ

ಗುಜರಿ ಕಬ್ಬಿಣ ಕರಗಿಸುವ ಆರ್ಕ್ ಫರ್ನೇಸ್‌ನಲ್ಲಿ ವಿದ್ಯುತ್ ಕಿಡಿ ಒಂದೇ ಸಮನೆ ಉರಿಯುವುದಿಲ್ಲ. ಗುಜರಿ ಕುಸಿದಾಗ ಶಾರ್ಟ್ ಆಗುತ್ತದೆ, ಮರುಕ್ಷಣ ಕಿಡಿ ಆರುತ್ತದೆ. ಕುಲುಮೆ ಎಳೆಯುವ ರಿಯಾಕ್ಟಿವ್ ಪವರ್ 20 ಮತ್ತು 80 ಮೆಗಾವಾರ್ ನಡುವೆ ಜಿಗಿಯುತ್ತದೆ ಎನ್ನಿ. ಅಲ್ಲಿನ ಗ್ರಿಡ್‌ನ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 1500 ಎಂವಿಎ ಆದರೆ, 60ರ ಈ ಜಿಗಿತಕ್ಕೆ ವೋಲ್ಟೇಜ್ ಸುಮಾರು ಶೇ. 4ರಷ್ಟು ಏರಿಳಿಯುತ್ತದೆ. ಸುತ್ತಲಿನ ಮನೆಗಳ ದೀಪ ಮಿಣುಕುತ್ತದೆ.

ಅಗ್ಗದ ದಾರಿಯೆಂದು 50 ಮೆಗಾವಾರ್‌ನ ಸ್ಥಿರ ಕೆಪಾಸಿಟರ್ ಬ್ಯಾಂಕ್ ಕೂರಿಸಿದರೆ? ಸರಾಸರಿ ವೋಲ್ಟೇಜ್ ಸುಧಾರಿಸುತ್ತದೆ, ಪವರ್ ಫ್ಯಾಕ್ಟರ್ ದಂಡವೂ ತಪ್ಪೀತು. ಆದರೆ 60ರ ಜಿಗಿತ ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ, ವೋಲ್ಟೇಜ್ ಶೇ. 90ಕ್ಕೆ ಇಳಿದರೆ ಬ್ಯಾಂಕಿನ ಕೊಡುಗೆ ಶೇ. 81ಕ್ಕೆ ಕುಸಿಯುತ್ತದೆ, ಬೇಕಾದಾಗಲೇ ಕೈಕೊಡುವ ಗೆಳೆಯ! ಬ್ರೇಕರ್‌ನಿಂದ ಮತ್ತೆ ಮತ್ತೆ ಆನ್-ಆಫ್ ಮಾಡೋಣವೆಂದರೆ, ಉಳಿದ ಚಾರ್ಜ್ ಇಳಿಯಲು ನಿಮಿಷಗಟ್ಟಲೆ ಕಾಯಬೇಕು.

ಸ್ಟ್ಯಾಟಿಕ್ ವಾರ್ ಕಾಂಪೆನ್ಸೇಟರ್‌ನಲ್ಲೂ ಕೆಪಾಸಿಟರ್‌ಗಳು ಇರುತ್ತವೆ, 80 ಮೆಗಾವಾರ್ ಅಂದುಕೊಳ್ಳಿ. ಪಕ್ಕದಲ್ಲಿ ಥೈರಿಸ್ಟರ್ ನಿಯಂತ್ರಿಸುವ ರಿಯಾಕ್ಟರ್. ಕುಲುಮೆ 20 ಎಳೆದಾಗ ರಿಯಾಕ್ಟರ್ 60 ನುಂಗುತ್ತದೆ. ಕುಲುಮೆ 80ಕ್ಕೆ ಹಾರಿದರೆ ಅದು ಸೊನ್ನೆಗೆ ಇಳಿಯುತ್ತದೆ. ಗ್ರಿಡ್‌ಗೆ ಜಿಗಿತದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಪೂರ್ತಿ ಅಲ್ಲ. ಥೈರಿಸ್ಟರ್ ಅರ್ಧ ಸೈಕಲ್‌ಗೊಮ್ಮೆ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ಮಾತ್ರ ನಿರ್ಧಾರ ಬದಲಿಸಬಲ್ಲದು. ಅಷ್ಟರಲ್ಲಿ ಕಿಡಿ ಮತ್ತೆ ಹೊರಳಿರಬಹುದು. ಹಾಗಾಗಿ ಮಿಣುಕು ತಗ್ಗುತ್ತದೆ, ಮಾಯವಾಗುವುದಿಲ್ಲ. ಬೆಲೆ ಹೆಚ್ಚಾದರೂ ಆರ್ಕ್ ಫರ್ನೇಸ್ ಪಕ್ಕದಲ್ಲಿ ಸ್ಥಿರ ಬ್ಯಾಂಕ್ ಒಂದೇ ಸಾಲದು.